ಮೇಲಿನ ರೆಸಿಸ್ಟರಿಗೆ ಎಷ್ಟು ವ್ಯಾಟ್?

ನೋಡಮ್ಮ, ನೀನು ಬರೆದುಕೊಟ್ಟ ಸರ್ಕ್ಯೂಟಿನಲ್ಲಿ ಓಮ್ ಲೆಕ್ಕ ಸರಿಯಾಗಿದೆ. ಆದರೆ ಯಾವ ರೆಸಿಸ್ಟರಿನ ಪಕ್ಕದಲ್ಲೂ ವ್ಯಾಟ್ ಬರೆದಿಲ್ಲ. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಹೀಗೆ ಬರೀ ಓಮ್ ಹೇಳಿದರೆ ಕಾಲು ವ್ಯಾಟಿನದನ್ನೇ ಕೈಗೆ ಕೊಡುತ್ತಾರೆ, ಯಾಕೆಂದರೆ ಎಲ್ಲರೂ ಕೊಳ್ಳುವುದು ಅದನ್ನೇ. ನಿನ್ನ ಕೆಲಸಕ್ಕೆ ಅದು ಸಾಲದು.

ನಮ್ಮ ಅಮೃತಹಳ್ಳಿಯ ಅಪಾರ್ಟ್‌ಮೆಂಟುಗಳಲ್ಲಿ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟರಿಗೆ ಒಂದು ಕಾವಲು ಬೇಕು, ವೋಲ್ಟೇಜ್ ಹೆಚ್ಚು ಕಡಿಮೆಯಾದರೆ ಅದೇ ಮೋಟರನ್ನು ನಿಲ್ಲಿಸಬೇಕು ಎನ್ನುವ ನಿನ್ನ ಯೋಚನೆ ಒಳ್ಳೆಯದು. 230 ವೋಲ್ಟನ್ನು ಬ್ರಿಡ್ಜಿನಿಂದ ಡಿಸಿ ಮಾಡಿ ಕೆಪಾಸಿಟರ್ ಹಾಕಿದರೆ ಅದು ಪೀಕಿಗೆ, ಅಂದರೆ ಸುಮಾರು 325 ವೋಲ್ಟಿಗೆ ನಿಲ್ಲುತ್ತದೆ. ಮೇಲೆ 100 ಕಿಲೋಓಮ್, ಕೆಳಗೆ 1 ಕಿಲೋಓಮ್ ಇಟ್ಟು 3.2 ವೋಲ್ಟ್ ತೆಗೆದು ಕಂಟ್ರೋಲರಿಗೆ ಕೊಟ್ಟಿದ್ದೀಯ. ಅಳತೆ ಸರಿಯಾಗಿಯೇ ಬರುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ.

ಎರಡೂ ರೆಸಿಸ್ಟರ್ ಒಂದರ ಹಿಂದೊಂದು ಕೂತಿವೆ, ಹಾಗಾಗಿ ಎರಡರಲ್ಲೂ ಹರಿಯುವ ಕರೆಂಟು ಒಂದೇ. 325 ಅನ್ನು 101 ಕಿಲೋಓಮ್‌ನಿಂದ ಭಾಗಿಸಿದರೆ 3.22 ಮಿಲಿಆಂಪ್. ಇನ್ನು ಒಂದೊಂದರ ಶಾಖವನ್ನು ಬೇರೆ ಬೇರೆಯಾಗಿ ತೆಗೆ. P = I × I × R. ಮೇಲಿನದರಲ್ಲಿ 1.04 ವ್ಯಾಟ್, ಕೆಳಗಿನದರಲ್ಲಿ 0.01 ವ್ಯಾಟ್. ಕರೆಂಟು ಒಂದೇ ಆದ್ದರಿಂದ ಶಾಖ ಓಮ್‌ನ ಅನುಪಾತದಲ್ಲೇ ಹಂಚಿಹೋಗುತ್ತದೆ: ನೂರು ಪಟ್ಟು ಓಮ್ ಇರುವುದಕ್ಕೆ ನೂರು ಪಟ್ಟು ಶಾಖ. ಅಂಗಡಿಯಿಂದ ಎರಡಕ್ಕೂ ಕಾಲು ವ್ಯಾಟಿನದನ್ನು ತಂದರೆ ಕೆಳಗಿನದು ತಣ್ಣಗಿರುತ್ತದೆ, ಮೇಲಿನದರ ಮೇಲೆ ಅದು ಹೊರಬಹುದಾದ್ದಕ್ಕಿಂತ ನಾಲ್ಕು ಪಟ್ಟು ಭಾರ ಬೀಳುತ್ತದೆ.

ಕಾಲು ವ್ಯಾಟ್ ಎಂದರೆ ಏನು ಅಂತ ಒಮ್ಮೆ ಡೇಟಾಶೀಟಿನಲ್ಲಿ ನೋಡಿಕೋ. ಸಾಮಾನ್ಯ ಫಿಲ್ಮ್ ರೆಸಿಸ್ಟರಿಗೆ ಸುತ್ತಲಿನ ಗಾಳಿ 70 ಡಿಗ್ರಿ ಇರುವವರೆಗೆ ಪೂರ್ತಿ ವ್ಯಾಟ್ ಕೊಡಬಹುದು. ಅಲ್ಲಿಂದ ಗೆರೆ ಇಳಿಯುತ್ತಾ 155 ಡಿಗ್ರಿಗೆ ಸೊನ್ನೆ ಮುಟ್ಟುತ್ತದೆ. ಆ ಗೆರೆಯೇ ಎಲ್ಲವನ್ನೂ ಹೇಳುತ್ತದೆ. ಪೂರ್ತಿ ಕಾಲು ವ್ಯಾಟ್ ಕೊಟ್ಟಾಗ ಅದರ ಮೈ ಸುತ್ತಲಿನ ಗಾಳಿಗಿಂತ ಸುಮಾರು 85 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಎಂದು ಅದರ ಅರ್ಥ. ರೇಟಿಂಗಿನೊಳಗೇ ಇದೆ ಎಂದು ಅಷ್ಟು ಬಿಸಿಯಲ್ಲಿ ವರ್ಷಗಟ್ಟಲೆ ಓಡಿಸಿದರೆ ಬಣ್ಣದ ಪಟ್ಟಿಗಳು ಕಂದುತ್ತವೆ, ಕೆಳಗಿನ ಬೋರ್ಡು ಕಪ್ಪಾಗುತ್ತದೆ, ಓಮ್ ಸರಿದುಹೋಗುತ್ತದೆ. ಲೆಕ್ಕದ ವ್ಯಾಟಿನ ಎರಡರಷ್ಟಾದರೂ ರೇಟಿಂಗ್ ತಗೋ ಅಂತ ನಾನು ಹಟ ಹಿಡಿಯುವುದು ಅದಕ್ಕೇ. ಅರ್ಧ ಭಾರಕ್ಕೆ ಬಿಸಿಯೂ ಅರ್ಧ, 42 ಡಿಗ್ರಿ. ಏಪ್ರಿಲ್ ಬಿಸಿಲಲ್ಲಿ ತಾರಸಿಯ ಮೇಲಿನ ಮುಚ್ಚಿದ ಪೆಟ್ಟಿಗೆಯೊಳಗೆ 60 ಡಿಗ್ರಿ ಇದ್ದರೂ ಆಗ ಅದು ತಡೆಯುತ್ತದೆ.

ಆದರೆ ಆ ಎರಡರಷ್ಟನ್ನು ಯಾವ ಲೆಕ್ಕಕ್ಕೆ ಹಾಕಬೇಕು? ಇಲ್ಲೇ ಬಹಳ ಜನ ಎಡವುತ್ತಾರೆ. 230 ವೋಲ್ಟಿನ ಲೆಕ್ಕಕ್ಕಲ್ಲ. ಮೂರು ಫೇಸಿನ ಲೈನಿನಲ್ಲಿ ಎಲ್ಲಾದರೂ ನ್ಯೂಟ್ರಲ್ ಕಿತ್ತುಬಂದರೆ, ಯಾವ ಫೇಸಿನಲ್ಲಿ ಲೋಡು ಕಡಿಮೆ ಇದೆಯೋ ಆ ಮನೆಗಳ ವೋಲ್ಟೇಜು ಏರುತ್ತಾ 415ರ ಹತ್ತಿರಕ್ಕೂ ಹೋಗಬಹುದು. ಟಿವಿ, ಫ್ರಿಜ್ಜು ಸುಡುವುದು ಆವಾಗಲೇ. ನಿನ್ನ ಕಾವಲು ಕೆಲಸ ಮಾಡಬೇಕಾದದ್ದೂ ಆವಾಗಲೇ. ಅದು ಮೋಟರನ್ನು ನಿಲ್ಲಿಸಿ ಲೈನಿನ ಮೇಲೆಯೇ ಕೂತಿರುತ್ತದೆ, ವೋಲ್ಟೇಜು ಇಳಿಯಿತೇ ಅಂತ ನೋಡುತ್ತಾ ಇರಬೇಕು. 415ರ ಪೀಕು 587 ವೋಲ್ಟ್. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ನಿನ್ನ ಮೇಲಿನ ರೆಸಿಸ್ಟರಿನಲ್ಲಿ 1.04 ವ್ಯಾಟ್ ಇದ್ದದ್ದು 3.4 ಆಗುತ್ತದೆ. ಎರಡು ಪಟ್ಟು ಅಂತರ ಬೇಕೆಂದರೆ 7 ವ್ಯಾಟಿನ ದಪ್ಪ ರೆಸಿಸ್ಟರ್ ಹಾಕಬೇಕು. ಬರೀ ಅಳತೆ ನೋಡುವುದಕ್ಕೆ ಅಷ್ಟು ಕರೆಂಟು ಸುಡುವುದು ದಂಡ.

ಅದಕ್ಕೆ ವ್ಯಾಟ್ ಏರಿಸಬೇಡ, ಓಮ್ ಏರಿಸು. ಮೇಲೆ 1 ಮೆಗಾಓಮ್ ಇಟ್ಟರೆ ಕರೆಂಟು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ, ಶಾಖವೂ ಹಾಗೆಯೇ. ನ್ಯೂಟ್ರಲ್ ಕಿತ್ತ ದಿನವೂ 0.34 ವ್ಯಾಟ್, ಅರ್ಧ ವ್ಯಾಟಿನದು ಸಾಕು ಅಂದುಕೊಳ್ಳುತ್ತೀಯ. ತಡಿ. ಡೇಟಾಶೀಟಿನಲ್ಲಿ ವ್ಯಾಟಿನ ಪಕ್ಕದ ಸಾಲಿನಲ್ಲಿ ಇನ್ನೊಂದು ಮಿತಿ ಇದೆ: ಆ ರೆಸಿಸ್ಟರಿನ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ನಿಲ್ಲಿಸಬಹುದು ಅಂತ. ಕಾಲು ವ್ಯಾಟಿನದಕ್ಕೆ ಅದು ಸಾಮಾನ್ಯವಾಗಿ 250 ವೋಲ್ಟ್. ದೊಡ್ಡ ಓಮ್ ಬಂದಾಗ ವ್ಯಾಟಿನ ಮಿತಿಗಿಂತ ಮೊದಲೇ ಈ ಮಿತಿ ಮುಗಿಯುತ್ತದೆ. ಬಿಸಿಯೂ ಇಲ್ಲ, ಹೊಗೆಯೂ ಇಲ್ಲ, ಆದರೂ ರೆಸಿಸ್ಟರ್ ಕೆಡುತ್ತದೆ.

ಆದ್ದರಿಂದ ಮೇಲಿನದನ್ನು ಮೂರಾಗಿ ಒಡೆದು 330 ಕಿಲೋಓಮ್‌ನ ಮೂರನ್ನು ಒಂದರ ಹಿಂದೊಂದು ಹಾಕು. ಕೆಳಗೆ 8 ಕಿಲೋಓಮ್. ಈಗ ಕೆಟ್ಟ ದಿನದ ಲೆಕ್ಕ ತೆಗೆ: 587 ವೋಲ್ಟಿಗೆ ಕರೆಂಟು 0.588 ಮಿಲಿಆಂಪ್. ಪ್ರತಿ 330ರ ಮೇಲೆ 194 ವೋಲ್ಟ್, 250ರೊಳಗೇ ಇದೆ. ಪ್ರತಿಯೊಂದರಲ್ಲಿ 0.114 ವ್ಯಾಟ್, ಕಾಲು ವ್ಯಾಟಿಗೆ ಎರಡು ಪಟ್ಟಿಗಿಂತ ಹೆಚ್ಚು ಅಂತರ ಸಿಕ್ಕಿತು. ಕೆಳಗಿನದರಲ್ಲಿ 3 ಮಿಲಿವ್ಯಾಟೂ ಇಲ್ಲ. ಔಟ್‌ಪುಟ್ 4.7 ವೋಲ್ಟ್, ನಿನ್ನ 5 ವೋಲ್ಟಿನ ಕಂಟ್ರೋಲರಿಗೆ ಸರಿಹೋಗುತ್ತದೆ. ಮಾಮೂಲಿ ದಿನ 2.6 ಇರುತ್ತದೆ. ಅದೇ ಅಗ್ಗದ ಕಾಲು ವ್ಯಾಟಿನ ರೆಸಿಸ್ಟರುಗಳೇ ಸಾಕಾದವು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈ ಬೋರ್ಡಿನ ಮೈನಸ್ ತಂತಿ ಭೂಮಿಯಲ್ಲ. ಬ್ರಿಡ್ಜ್ ದಾಟಿದ ಮೇಲೆ ಅದರಲ್ಲೂ ಲೈನಿನ ವೋಲ್ಟೇಜೇ ಇರುತ್ತದೆ. ಮೇನ್ಸ್‌ಗೆ ಕೊಟ್ಟಿರುವಾಗ ಲ್ಯಾಪ್‌ಟಾಪಿನ ಯುಎಸ್‌ಬಿ ಚುಚ್ಚಬೇಡ, ಯಾವ ತುದಿಯನ್ನೂ ಮುಟ್ಟಬೇಡ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. 1 ಮೆಗಾಓಮ್ ಮೂಲಕ ಅದು ಇಳಿಯುವುದು ನಿಧಾನ. ಮೀಟರಿನಲ್ಲಿ ನೋಡಿ, ಸೊನ್ನೆ ಆದ ಮೇಲೆಯೇ ಕೈ ಇಡು.

ಮುಂದೆ ಯಾವತ್ತಾದರೂ ಕಾವಲು ತೋರಿಸುವ ವೋಲ್ಟೇಜು ಮೀಟರಿಗಿಂತ ಕಡಿಮೆ ಬರತೊಡಗಿದರೆ ಕೋಡ್ ತಡಕಾಡುವ ಮೊದಲು ಮೇಲಿನ ಮೂರನ್ನು ಅನುಮಾನಿಸು. ಅವುಗಳ ಓಮ್ ಏರಿದಷ್ಟೂ ಔಟ್‌ಪುಟ್ ಇಳಿಯುತ್ತದೆ. ಆಗ ನಿಜಕ್ಕೂ 270 ಇದ್ದರೂ ಕಾವಲು 240 ಅಂದುಕೊಂಡು ಮೋಟರನ್ನು ಸುಡಲು ಬಿಡುತ್ತದೆ. ಒಂದು ಕಾಲು ಬಿಚ್ಚಿ ಅಳೆ, ಬೋರ್ಡಿನಲ್ಲಿ ಇದ್ದಂತೆಯೇ ಅಳೆದರೆ ಸುತ್ತಲಿನ ಭಾಗಗಳೂ ಲೆಕ್ಕಕ್ಕೆ ಸೇರಿಬಿಡುತ್ತವೆ. ಮೂರರಲ್ಲಿ ಒಂದು ಪೂರ್ತಿ ಕಿತ್ತುಹೋದರೆ ಭಯವಿಲ್ಲ, ಔಟ್‌ಪುಟ್ ಸೊನ್ನೆಯಾಗಿ ಮೋಟರು ನಿಲ್ಲುತ್ತದೆ.

ಶಾಖವೇ ಇಲ್ಲದ ಆ ಕೆಳಗಿನದರ ಬಗ್ಗೆ ನನಗೆ ಹೆಚ್ಚು ಚಿಂತೆ. ಅದರ ಬೆಸುಗೆ ಬಿಟ್ಟರೆ ಮೇಲಿನ ವೋಲ್ಟೇಜೆಲ್ಲ ಕಂಟ್ರೋಲರಿನ ಕಾಲಿನ ಮೇಲೆ ಬರುತ್ತದೆ. ಅಲ್ಲಿ 8 ಕಿಲೋಓಮ್‌ನ ಒಂದನ್ನು ಹಾಕುವ ಬದಲು 16 ಕಿಲೋಓಮ್‌ನ ಎರಡನ್ನು ಅಕ್ಕಪಕ್ಕ, ಪ್ಯಾರಲಲ್ ಆಗಿ ಬೆಸೆ. ಒಂದು ಬಿಟ್ಟರೂ ಮಾಮೂಲಿ ದಿನ ಔಟ್‌ಪುಟ್ 5.2 ವೋಲ್ಟಿಗೆ ನಿಲ್ಲುತ್ತದೆ, ಕಂಟ್ರೋಲರು ಅದನ್ನು ವಿಪರೀತ ವೋಲ್ಟೇಜ್ ಅಂತ ಓದಿ ಮೋಟರನ್ನು ನಿಲ್ಲಿಸುತ್ತದೆ.