ಹದಿಮೂರು ಹಾಳೆ ಹೇಳದ ಮಾತು

ಮೇಲಧಿಕಾರಿಗಳ ಮುಂದೆ ಇಪ್ಪತ್ತು ಚಾರ್ಟ್ ಹರಡುವ ಮುನ್ನ ಚಾಲೆಂಜರ್ ಬಾಹ್ಯಾಕಾಶ ನೌಕೆಯನ್ನು ನೆನೆಯಿರಿ. ಚಳಿಗೆ ಅದರ ರಾಕೆಟ್ಟಿನ ರಬ್ಬರ್ ಉಂಗುರಗಳು ಕೈಕೊಡಬಹುದೆಂದು ಎಚ್ಚರಿಸಲು ಎಂಜಿನಿಯರುಗಳು 1986ರ ಜನವರಿ 27ರ ರಾತ್ರಿ 13 ಹಾಳೆ ಫ್ಯಾಕ್ಸ್ ಮಾಡಿದರು. ಹಿಂದಿನ ಎಲ್ಲ ಉಡಾವಣೆಗಳ ತಾಪಮಾನ, ಹಾನಿ ಎರಡನ್ನೂ ಒಟ್ಟಿಗೆ ತೋರುವ ಹಾಳೆ ಮಾತ್ರ ಅದರಲ್ಲಿರಲಿಲ್ಲ. ಇದ್ದಿದ್ದರೆ ಕಣ್ಣಿಗೆ ಹೊಡೆಯುತ್ತಿತ್ತು: 18 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದ ನಾಲ್ಕಕ್ಕೆ ನಾಲ್ಕರಲ್ಲೂ ಹಾನಿ, ಬೆಚ್ಚಗಿದ್ದ ಇಪ್ಪತ್ತರಲ್ಲಿ ಮೂರರಲ್ಲಷ್ಟೇ. ಉಡಾವಣೆಯಿದ್ದ ಮರುದಿನದ ಮುನ್ಸೂಚನೆಯೋ ಸೊನ್ನೆಗಿಂತ ಕೆಳಗೆ. ಆದರೂ ನೌಕೆ ಹಾರಿತು, ಏಳು ಜೀವ ಹೋದವು.

ನಿಮ್ಮ ತೀರ್ಮಾನವನ್ನು ಮೊದಲೇ ಒಂದು ವಾಕ್ಯದಲ್ಲಿ ಹೇಳಿ, ಅದನ್ನು ತೋರುವ ಒಂದೇ ಚಿತ್ರ ಇಡಿ. ತೊಂದರೆಯಾಗದ ಸಲಗಳನ್ನೂ ಅದರಲ್ಲಿ ಸೇರಿಸಿ, ಇಲ್ಲವಾದರೆ ಹೋಲಿಕೆಯೇ ಸಿಗದು. ಉಳಿದ ಚಾರ್ಟುಗಳು ಫೈಲಿನಲ್ಲಿರಲಿ, ಕೇಳಿದಾಗ ತೆಗೆಯಿರಿ.