ಒಪ್ಪಿಗೆ ಪತ್ರದ ಮೊದಲ ಪುಟ

ಗರ್ಭಿಣಿಯರ ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಹೆಚ್ಚು ಪ್ರಯೋಜನವೋ, ರಕ್ತನಾಳಕ್ಕೆ ಡ್ರಿಪ್ ಮೂಲಕ ಕೊಡುವ ಕಬ್ಬಿಣದ ಔಷಧಿ ಹೆಚ್ಚು ಪ್ರಯೋಜನವೋ? ಇದನ್ನು ಹೋಲಿಸಿ ನೋಡುವ ಅಧ್ಯಯನವೊಂದು ಉತ್ತರ ಕರ್ನಾಟಕದ ಕೆಲವು ಆಸ್ಪತ್ರೆಗಳಲ್ಲಿ ನಡೆದಾಗ ನಾನು ಅದರ ಕ್ಷೇತ್ರ ಸಂಯೋಜಕಿಯಾಗಿದ್ದೆ. ನನ್ನ ಕೈಗೆ ಬಂದ ಕನ್ನಡದ ಒಪ್ಪಿಗೆ ಪತ್ರ ಒಂಬತ್ತು ಪುಟದ್ದು. ಮೊದಲ ಪುಟದ ತುಂಬ ಅಧ್ಯಯನದ ಉದ್ದನೆಯ ಹೆಸರು, ಅದನ್ನು ನಡೆಸುವವರ ಹುದ್ದೆಗಳು, ರಕ್ತಹೀನತೆ ದೇಶಕ್ಕೆ ಎಂಥ ದೊಡ್ಡ ಸಮಸ್ಯೆ ಎಂಬ ವಿವರಣೆ. ಔಷಧಿಯಿಂದ ಏನು ತೊಂದರೆ ಆಗಬಹುದು ಎಂಬುದು ಆರನೇ ಪುಟದಲ್ಲಿತ್ತು. ಬೇಡ ಎನ್ನುವ ಹಕ್ಕು ನಿಮಗಿದೆ ಎಂಬುದು ಎಂಟನೇ ಪುಟದಲ್ಲಿತ್ತು.

ಇದರಲ್ಲಿ ನಿಯಮ ಮೀರಿದ್ದು ಏನೂ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯೂ, ಹೊಸ ಔಷಧಿಗಳ ಪ್ರಯೋಗಕ್ಕೆ ಸಂಬಂಧಿಸಿದ 2019ರ ನಿಯಮಗಳೂ ಒಪ್ಪಿಗೆ ಪತ್ರದಲ್ಲಿ ಏನೇನು ಇರಬೇಕು ಎಂದು ಪಟ್ಟಿ ಕೊಡುತ್ತವೆ. ಆ ಪಟ್ಟಿಯಲ್ಲಿದ್ದದ್ದೆಲ್ಲ ನಮ್ಮ ಪತ್ರದಲ್ಲಿತ್ತು. ಎಲ್ಲಿತ್ತು ಎಂಬುದೇ ತೊಡಕು. ತಪಾಸಣೆಯ ದಿನ ತಾಯಿ ಕಾರ್ಡ್ ಹಿಡಿದು ಸಾಲಿನಲ್ಲಿ ನಿಂತು ದಣಿದ ಹೆಣ್ಣುಮಗಳು, ನರ್ಸ್ ಪತ್ರ ಓದತೊಡಗಿದರೆ ಒಂದು ಒಂದೂವರೆ ಪುಟದವರೆಗೆ ಗಮನ ಕೊಡುತ್ತಾಳೆ. ಆಮೇಲೆ ಕಣ್ಣು ಬಾಗಿಲ ಕಡೆ, ಬಸ್ಸಿನ ಕಡೆ. ಮೂರನೇ ಪುಟ ಬರುವಷ್ಟರಲ್ಲಿ 'ಎಲ್ಲಿ ಸಹಿ ಮಾಡ್ಲಿ ಹೇಳ್ರಿ' ಎನ್ನುತ್ತಾಳೆ. ಆರನೇ ಪುಟದಲ್ಲಿದ್ದದ್ದು ಅವಳ ಪಾಲಿಗೆ ಇಲ್ಲದಂತೆಯೇ.

ಅಮೆರಿಕದಲ್ಲಿ ಸರ್ಕಾರದ ಹಣದಿಂದ ನಡೆಯುವ ಸಂಶೋಧನೆಗಳ ನಿಯಮವನ್ನು ಪರಿಷ್ಕರಿಸಿ, ನಿರ್ಧಾರಕ್ಕೆ ಬೇಕಾದ ಮುಖ್ಯ ಸಂಗತಿಗಳು ಪತ್ರದ ಆರಂಭದಲ್ಲೇ ಚುಟುಕಾಗಿ ಇರಬೇಕು ಎಂದು 2019ರ ಜನವರಿಯಿಂದ ಕಡ್ಡಾಯ ಮಾಡಿದ್ದಾರೆ. ನಮ್ಮಲ್ಲಿ ಹಾಗೆ ಮಾಡಲು ಯಾರ ಅಡ್ಡಿಯೂ ಇಲ್ಲ. ಹಾಗಾಗಿ ಪತ್ರವನ್ನು ಬದಲಿಸೋಣ ಎಂದು ಮುಖ್ಯ ಸಂಶೋಧಕರನ್ನು ಕೇಳಿಕೊಂಡೆ. ಅವರು ಒಪ್ಪಿದರು.

ಯಾವುದು ಮೊದಲು ಬರಬೇಕು ಎಂಬುದನ್ನು ನಾವು ಕಚೇರಿಯಲ್ಲಿ ಕುಳಿತು ತೀರ್ಮಾನಿಸಲಿಲ್ಲ. ತಪಾಸಣೆಗೆ ಬಂದ ಗರ್ಭಿಣಿಯರಿಗೆ ಅಧ್ಯಯನದ ವಿಷಯವನ್ನು ಎರಡು ಮಾತಿನಲ್ಲಿ ಹೇಳಿ, 'ಸೇರೋಕೆ ಮುಂಚೆ ನಿಮಗೆ ಏನು ಗೊತ್ತಾಗಬೇಕು?' ಎಂದು ಕೇಳಿದೆವು. ಎಲ್ಲರ ಬಾಯಲ್ಲೂ ಮೊದಲು ಬಂದದ್ದು 'ಕೂಸಿಗೆ ಏನರ ಆಗತೈತೇನ್ರಿ?' ಅದರ ಹಿಂದೆಯೇ 'ಬ್ಯಾಡ ಅಂದ್ರ ಗುಳಿಗಿ ಕೊಡೂದು ಬಿಡ್ತೀರೇನ್ರಿ?' ರಕ್ತ ಎಷ್ಟು ತೆಗೆಯುತ್ತಾರೆ, ಎಷ್ಟು ಸಲ ಬರಬೇಕು, ಬಸ್ ಚಾರ್ಜು ಯಾರು ಕೊಡುತ್ತಾರೆ ಎಂಬುದು ಆಮೇಲೆ. ಅಧ್ಯಯನದ ಉದ್ದೇಶವನ್ನು ತಾವಾಗಿ ಕೇಳಿದವರು ತೀರ ಕಡಿಮೆ. ನಮ್ಮ ಹಳೆಯ ಪತ್ರ ಅದರಿಂದಲೇ ಶುರುವಾಗಿತ್ತು.

ಅಪಾಯದ ಭಾಗ ಬರೆಯುವುದು ಎಲ್ಲಕ್ಕಿಂತ ಕಷ್ಟ. ಹಳೆಯ ಪತ್ರದಲ್ಲಿ ತಲೆನೋವು, ವಾಕರಿಕೆ, ತಲೆಸುತ್ತು, ಚರ್ಮ ಕೆಂಪಾಗುವುದು, ತೀವ್ರ ಅಲರ್ಜಿ ಎಲ್ಲವೂ ಒಂದೇ ಉಸಿರಿನ ವಾಕ್ಯದಲ್ಲಿದ್ದವು. ತಲೆನೋವು ಹಲವರಿಗೆ ಬಂದು ತಾನೇ ಹೋಗುವಂಥದ್ದು. ತೀವ್ರ ಅಲರ್ಜಿ ಅಪರೂಪ, ಆದರೆ ಜೀವಕ್ಕೇ ಕುತ್ತು ತರಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕೇಳುವವರಿಗೆ ಎರಡೂ ಒಂದೇ ತೂಕದ್ದಾಗಿ ಕಾಣುತ್ತವೆ. ದೊಡ್ಡ ಅಪಾಯವನ್ನು ಬೇರೆ ತೆಗೆದು, ಅದರ ಜೊತೆಗೇ ನಾವು ಏನು ಮಾಡುತ್ತೇವೆ ಎಂಬುದನ್ನೂ ಬರೆದೆವು: 'ಡ್ರಿಪ್ ಹಾಕಿದಾಗ ಕೆಲವೇ ಕೆಲವರಿಗೆ ಜೋರು ಅಲರ್ಜಿ ಆಗಬಹುದು. ಉಸಿರಾಡಲು ಕಷ್ಟವಾಗಬಹುದು, ಬಿಪಿ ಇಳಿಯಬಹುದು. ಕೂಡಲೇ ಚಿಕಿತ್ಸೆ ಸಿಗದಿದ್ದರೆ ಜೀವಕ್ಕೆ ಅಪಾಯ. 10,000 ಜನರಿಗೆ ಈ ಔಷಧಿ ಕೊಟ್ಟರೆ ಹೀಗಾಗುವುದು ಹತ್ತಕ್ಕಿಂತ ಕಡಿಮೆ ಜನರಿಗೆ. ಆದ್ದರಿಂದ ಡ್ರಿಪ್ ಮುಗಿದ ಮೇಲೂ ಅರ್ಧ ಗಂಟೆ ನಿಮ್ಮನ್ನು ಇಲ್ಲೇ ಮಲಗಿಸಿ ನೋಡಿಕೊಳ್ಳುತ್ತೇವೆ. ಬೇಕಾದ ಔಷಧಿ ಹಾಸಿಗೆಯ ಪಕ್ಕದಲ್ಲೇ ಇರುತ್ತದೆ.' ಈ ಸಂಖ್ಯೆಯನ್ನು ಔಷಧಿಯ ಜೊತೆ ಬರುವ ಮಾಹಿತಿ ಪತ್ರದಿಂದ ತೆಗೆದುಕೊಂಡೆವು. ಬರಿ 'ಅಪರೂಪ' ಎಂದು ಬಿಟ್ಟರೆ ಒಬ್ಬರಿಗೆ ಅದು ನೂರರಲ್ಲಿ ಒಂದು, ಇನ್ನೊಬ್ಬರಿಗೆ ಲಕ್ಷದಲ್ಲಿ ಒಂದು.

ಕೂಸಿನ ಪ್ರಶ್ನೆಗೂ ಅದೇ ಮಾಹಿತಿ ಪತ್ರದಲ್ಲಿ ಉತ್ತರವಿತ್ತು. ಕಬ್ಬಿಣದ ಡ್ರಿಪ್ ಕೊಟ್ಟಾಗ ಮಗುವಿನ ಹೃದಯ ಬಡಿತ ನಿಧಾನವಾಗಬಹುದು. ಸಾಮಾನ್ಯವಾಗಿ ತಾಯಿಗೆ ಅಲರ್ಜಿಯಾದಾಗ ಹೀಗಾಗುತ್ತದೆ, ಬಹುಪಾಲು ತಾನೇ ಸರಿಹೋಗುತ್ತದೆ. ಹಳೆಯ ಪತ್ರದಲ್ಲಿ ಇದು 'ಭ್ರೂಣದ ಮೇಲಿನ ಪರಿಣಾಮಗಳು' ಎಂಬ ತಲೆಬರಹದ ಕೆಳಗೆ ಏಳನೇ ಪುಟದಲ್ಲಿತ್ತು. ಅದನ್ನು ಮೊದಲ ಪುಟಕ್ಕೆ ತಂದು, ಡ್ರಿಪ್ ನಡೆಯುವಾಗ ಮಗುವಿನ ಬಡಿತ ಕೇಳುತ್ತಿರುತ್ತೇವೆ ಎಂದು ಸೇರಿಸಿದೆವು.

ವೈದ್ಯರು ಲೆಕ್ಕಕ್ಕೆ ಇಡದ ಇನ್ನೊಂದು ಸಂಗತಿಯೂ ಇತ್ತು. ಸೂಜಿ ಜಾರಿ ಔಷಧಿ ಚರ್ಮದಡಿ ಸೋರಿದರೆ ಅಲ್ಲಿ ಕಂದು ಕಲೆ ಬೀಳುತ್ತದೆ, ಅದು ಬಹಳ ಕಾಲ ಉಳಿಯಬಹುದು. ಜೀವಕ್ಕೇನೂ ಅಪಾಯವಿಲ್ಲ, ಹಾಗಾಗಿ ಕೊನೆಯ ಸಾಲಿನಲ್ಲಿ ಹಾಕಿದ್ದರು. 'ಆ ಕಲಿ ಹೋಗತೈತೋ ಇಲ್ಲೋ?' ಎಂದು ಎಳೆಯ ವಯಸ್ಸಿನ ಹೆಣ್ಣುಮಕ್ಕಳು ಮತ್ತೆ ಮತ್ತೆ ಕೇಳಿದರು. ತೋಳಿನ ಮೇಲೆ ವರ್ಷಗಟ್ಟಲೆ ಉಳಿಯಬಹುದಾದ ಕಲೆ ಸಣ್ಣ ವಿಷಯವೋ ದೊಡ್ಡದೋ ಎಂದು ಹೇಳಬೇಕಾದವರು ಆ ತೋಳಿನವರು. ಅದೂ ಮೊದಲ ಪುಟಕ್ಕೆ ಬಂತು. ಮಾತ್ರೆಯ ತೊಂದರೆಗಳನ್ನೂ ಬರೆದೆವು: ಹೊಟ್ಟೆ ತೊಳಸುವುದು, ಮಲಬದ್ಧತೆ, ಮಲ ಕಪ್ಪಾಗುವುದು. ಡ್ರಿಪ್‌ಗೆ ಮಾತ್ರ ಅಪಾಯ ಬರೆದು ಮಾತ್ರೆಯ ಬಗ್ಗೆ ಸುಮ್ಮನಿದ್ದರೆ ತಕ್ಕಡಿ ವಾಲುತ್ತಿತ್ತು.

ಹಕ್ಕಿನ ಮಾತು ಹಳೆಯ ಪತ್ರದಲ್ಲಿ ಹೀಗಿತ್ತು: 'ಪಾಲ್ಗೊಳ್ಳುವವರು ಯಾವುದೇ ಸಮಯದಲ್ಲಿ ಯಾವುದೇ ಕಾರಣವನ್ನು ನೀಡದೆಯೇ ಅಧ್ಯಯನದಿಂದ ಹಿಂದೆ ಸರಿಯಲು ಮುಕ್ತರಾಗಿದ್ದು, ಅಂತಹ ಹಿಂದೆ ಸರಿಯುವಿಕೆಯು ಅವರ ಪ್ರಸ್ತುತ ಅಥವಾ ಭವಿಷ್ಯದ ವೈದ್ಯಕೀಯ ಆರೈಕೆಯ ಮೇಲೆ ಪರಿಣಾಮ ಬೀರತಕ್ಕದ್ದಲ್ಲ.' ಹೊಸದರಲ್ಲಿ ಹೀಗೆ ಬರೆದೆವು: 'ಬೇಡ ಅನ್ನಿಸಿದರೆ ಬೇಡ ಎನ್ನಿ. ಕಾರಣ ಹೇಳಬೇಕಿಲ್ಲ. ಬೇಡ ಎಂದರೂ ಇದೇ ಆಸ್ಪತ್ರೆಯಲ್ಲಿ ನಿಮ್ಮ ತಪಾಸಣೆ, ಮಾತ್ರೆ, ಹೆರಿಗೆ ಎಲ್ಲವೂ ಮೊದಲಿನಂತೆಯೇ ನಡೆಯುತ್ತವೆ. ತಾಯಿ ಕಾರ್ಡಿನ ಯಾವ ಸೌಲಭ್ಯವೂ ನಿಲ್ಲುವುದಿಲ್ಲ. ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು. ಆದರೆ ಡ್ರಿಪ್ ಒಮ್ಮೆ ದೇಹಕ್ಕೆ ಹೋದ ಮೇಲೆ ಆ ಔಷಧಿಯನ್ನು ಹೊರಗೆ ತೆಗೆಯಲು ಆಗುವುದಿಲ್ಲ.' ಕೊನೆಯ ವಾಕ್ಯ ನಾವು ಹೊಸದಾಗಿ ಸೇರಿಸಿದ್ದು. ಯಾವಾಗ ಬೇಕಾದರೂ ಬಿಡಬಹುದು ಎಂದಷ್ಟೇ ಹೇಳಿ ನಿಲ್ಲಿಸುವುದು ಅರ್ಧ ಸತ್ಯ.

ಕರಡು ಸಿದ್ಧವಾದ ಮೇಲೆ ಓದಿಸಿ ನೋಡಿದೆವು. 'ಅರ್ಥ ಆಯ್ತೇನ್ರಿ?' ಎಂದು ಕೇಳಿದರೆ ಎಲ್ಲರೂ 'ಹೂಂ' ಎನ್ನುತ್ತಾರೆ. ಆ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಅದರ ಬದಲು 'ಮನೆಗೆ ಹೋಗಿ ಅತ್ತೆಗೆ ಏನಂತ ಹೇಳ್ತೀರಿ?' ಎಂದು ಕೇಳುತ್ತಿದ್ದೆವು. ಒಬ್ಬಾಕೆ ಹೇಳಿದ್ದು ಇದು: 'ದೊಡ್ಡ ಡಾಕ್ಟ್ರು ನನ್ನ ರಿಪೋರ್ಟ್ ನೋಡಿ, ಗುಳಿಗಿ ಸಾಕೋ ಡ್ರಿಪ್ ಬೇಕೋ ಅಂತ ಹೇಳ್ತಾರಂತ್ರಿ ಅತ್ತಿ.' ಅಪಾಯ, ಹಕ್ಕು ಎರಡನ್ನೂ ಆಕೆ ಸರಿಯಾಗಿ ಹೇಳಿದ್ದಳು. ಆದರೆ ಯಾರಿಗೆ ಯಾವುದು ಸಿಗುತ್ತದೆ ಎಂಬುದು ತಿರುವುಮುರುವಾಗಿತ್ತು. ಈ ಅಧ್ಯಯನದಲ್ಲಿ ಅದನ್ನು ವೈದ್ಯರು ಆರಿಸುವುದಿಲ್ಲ, ಕಂಪ್ಯೂಟರ್ ಆರಿಸುತ್ತದೆ. ತನ್ನ ಡಾಕ್ಟರು ತನಗೆ ಒಳ್ಳೆಯದನ್ನೇ ಆರಿಸಿದ್ದಾರೆ ಎಂದುಕೊಂಡು ಸಹಿ ಹಾಕಿದರೆ ಆ ಸಹಿಗೆ ಬೆಲೆಯಿಲ್ಲ. ಕರಡಿನಲ್ಲಿ ಎರಡನೇ ಪುಟದಲ್ಲಿದ್ದ ಆ ಮಾತನ್ನು ಮೊದಲ ಪುಟದ ಎರಡನೇ ಪ್ಯಾರಾಕ್ಕೆ ತಂದೆವು: 'ಮಾತ್ರೆಯೋ ಡ್ರಿಪ್ಪೋ ಎಂಬುದನ್ನು ನೀವೂ ಆರಿಸುವಂತಿಲ್ಲ, ವೈದ್ಯರೂ ಆರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನಿಸುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಒಳ್ಳೆಯದು ಎಂಬುದು ನಮಗೂ ಇನ್ನೂ ಗೊತ್ತಿಲ್ಲ, ಅದಕ್ಕೇ ಈ ಅಧ್ಯಯನ.' ಮತ್ತೆ ಓದಿಸಿದಾಗ ಆ ಗೊಂದಲ ಬಹಳ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ. ಡಾಕ್ಟರ ಮೇಲಿನ ನಂಬಿಕೆ ಒಂದು ಕಾಗದಕ್ಕಿಂತ ಗಟ್ಟಿ. ಅದಕ್ಕೇ ಸಹಿಗೆ ಮೊದಲು, ಮಾತ್ರೆಯೋ ಡ್ರಿಪ್ಪೋ ಎಂದು ಆರಿಸುವವರು ಯಾರು ಎಂಬ ಒಂದು ಪ್ರಶ್ನೆಯನ್ನು ನರ್ಸ್ ಕಡ್ಡಾಯವಾಗಿ ಕೇಳಬೇಕು, ಉತ್ತರ ತಪ್ಪಾದರೆ ಮತ್ತೆ ಹೇಳಬೇಕು ಎಂದು ಮಾಡಿಕೊಂಡೆವು.

ನೈತಿಕ ಸಮಿತಿಯಲ್ಲಿ ಆಕ್ಷೇಪ ಬಂದೇ ಬಂತು. 'ಅಪಾಯವನ್ನೇ ಮುಂದಿಟ್ಟರೆ ಯಾರು ಸೇರುತ್ತಾರೆ?' ಎಂದು ಹಿರಿಯ ವೈದ್ಯರೊಬ್ಬರು ಕೇಳಿದರು. ಆರನೇ ಪುಟದಲ್ಲಿ ಓದಿದರೆ ಹೆದರದವರು ಮೊದಲ ಪುಟದಲ್ಲಿ ಓದಿದರೆ ಹೆದರುತ್ತಾರೆ ಎನ್ನುವುದಾದರೆ, ಆರನೇ ಪುಟವನ್ನು ಯಾರೂ ಓದುತ್ತಿಲ್ಲ ಎಂದು ನಾವೇ ಒಪ್ಪಿಕೊಂಡಂತೆ. ನಾನು ಅಷ್ಟನ್ನೇ ಹೇಳಿದೆ. ವೈದ್ಯರಲ್ಲದ, ಸಾಮಾನ್ಯ ಜನರ ಪರವಾಗಿ ಕೂರುವ ಸದಸ್ಯರೊಬ್ಬರು ಇಂಥ ಸಮಿತಿಗಳಲ್ಲಿ ಇರಲೇಬೇಕು. ನಮ್ಮ ಸಮಿತಿಯಲ್ಲಿ ಆ ಸ್ಥಾನದಲ್ಲಿದ್ದವರು ಇನ್ನೂ ಉಪಯುಕ್ತವಾದ ಪ್ರಶ್ನೆ ಕೇಳಿದರು: 'ಈ ಫೋನ್ ನಂಬರಿಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ?' ಪತ್ರದಲ್ಲಿದ್ದದ್ದು ಕಚೇರಿಯ ನಂಬರು. ಪಾಳಿಯ ನರ್ಸ್ ಕೈಯಲ್ಲಿರುವ ಮೊಬೈಲ್ ನಂಬರು ಹಾಕಿದೆವು. ಅಧ್ಯಯನದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಸಿಗಬೇಕು ಎಂಬ ಮಾತು ಅದರ ಪಕ್ಕಕ್ಕೇ ಬಂತು. ಹಕ್ಕಿನ ಜೊತೆ ಅದನ್ನು ಕೇಳುವ ದಾರಿಯೂ ಇರಬೇಕು.

ಈ ಕೆಲಸಕ್ಕೆ ಇಳಿಯುವವರಿಗೆ ಒಂದು ಸೂಚನೆ. ಕನ್ನಡವನ್ನು ಮಾತ್ರ ತಿದ್ದಿ ಇಂಗ್ಲಿಷ್ ಪತ್ರವನ್ನು ಹಾಗೆಯೇ ಬಿಡಬೇಡಿ. ಮೂಲವನ್ನು ನೋಡದ ಇನ್ನೊಬ್ಬರು ಕನ್ನಡವನ್ನು ಮರಳಿ ಇಂಗ್ಲಿಷಿಗೆ ತಂದಾಗ ಎರಡೂ ತಾಳೆಯಾಗದೆ ಸಮಿತಿ ವಾಪಸ್ ಕಳಿಸುತ್ತದೆ. ಮೊದಲು ಇಂಗ್ಲಿಷ್ ಪತ್ರದ ಮೊದಲ ಪುಟವನ್ನೇ ಅದೇ ಕ್ರಮದಲ್ಲಿ ಬರೆಯಿರಿ. ಹೊಸ ಪತ್ರಕ್ಕೆ ಆವೃತ್ತಿ ಸಂಖ್ಯೆ, ದಿನಾಂಕ ಇರಲಿ. ಸಮಿತಿಯ ಒಪ್ಪಿಗೆ ಸಿಕ್ಕ ದಿನವೇ ಹಳೆಯ ಪ್ರತಿಗಳನ್ನೆಲ್ಲ ಆಸ್ಪತ್ರೆಗಳಿಂದ ವಾಪಸ್ ತರಿಸಿ, ಇಲ್ಲದಿದ್ದರೆ ಯಾವುದೋ ಡ್ರಾಯರಿನಿಂದ ಹಳೆಯದೇ ಹೊರಬಂದು ಸಹಿಯಾಗುತ್ತದೆ. ಓದಲು ಬಾರದವರಿಗೆ ಪತ್ರ ಓದಿ ಹೇಳುವಾಗ ಸಾಕ್ಷಿಯಾಗಿ ಕೂರುವವರು ಅಧ್ಯಯನಕ್ಕೆ ಸಂಬಂಧಪಡದವರೇ ಆಗಿರಬೇಕು. ಹೆಸರು ಸೇರಿಸಿದ್ದಕ್ಕೆ ಹಣ ಪಡೆಯುವ ಯಾರನ್ನೂ ಆ ಜಾಗದಲ್ಲಿ ಕೂರಿಸಬೇಡಿ.

ನಿಮ್ಮ ಮುಂದೆಯೋ ನಿಮ್ಮ ಮನೆಯವರ ಮುಂದೆಯೋ ಇಂಥ ಪತ್ರ ಯಾರಾದರೂ ಇಟ್ಟರೆ, 'ಇದರಿಂದ ಏನು ತೊಂದರೆ ಆಗಬಹುದು, ಬೇಡ ಎಂದರೆ ಏನಾಗುತ್ತದೆ, ಅದು ಯಾವ ಪುಟದಲ್ಲಿದೆ ತೋರಿಸಿ' ಎಂದು ಕೇಳಿ. ಆ ದಿನವೇ ಸಹಿ ಹಾಕಬೇಕೆಂದೇನೂ ಇಲ್ಲ, ಮನೆಗೆ ಒಯ್ದು ಓದಿಸಿ ನೋಡಿ. ಸಹಿ ಹಾಕಿದ ಮೇಲೆ ಒಂದು ಪ್ರತಿ ನಿಮ್ಮ ಕೈಗೆ ಬರಲೇಬೇಕು. ಕೇಳಿ ಪಡೆಯಿರಿ.