xⁿ − 1ರ ಅಪವರ್ತನ: ಎಲ್ಲಿ ನಿಲ್ಲಬೇಕು?

ಬೋಧನಾಭ್ಯಾಸದ ಅವಧಿಯಲ್ಲಿ ಪ್ರಥಮ ಪಿಯುಸಿ ತರಗತಿಗೆ x⁶ − 1 ಅನ್ನು ಅಪವರ್ತಿಸಲು ಕೊಟ್ಟಿದ್ದೆ. ವರ್ಗಗಳ ವ್ಯತ್ಯಾಸದ ಸೂತ್ರ ಹಿಡಿದವರಿಗೆ (x³ − 1)(x³ + 1) ಬಂದು, ಅದರಿಂದ (x − 1)(x² + x + 1)(x + 1)(x² − x + 1) ಎಂಬ ನಾಲ್ಕು ಅಪವರ್ತನಗಳು ದೊರೆತವು. ಘನಗಳ ವ್ಯತ್ಯಾಸದಿಂದ ಹೊರಟವರು (x − 1)(x + 1)(x⁴ + x² + 1) ಎಂದು ಬರೆದು ನಿಲ್ಲಿಸಿದರು. "x = 1, x = −1 ಹಾಕಿದರೆ ಸೊನ್ನೆ ಬರುವುದಿಲ್ಲ ಸರ್, ಇನ್ನು ಒಡೆಯದು" ಎಂಬುದು ಅವರ ವಾದ. ಮೂಲ ಇಲ್ಲದಿದ್ದರೆ ಒಂದನೇ ಘಾತದ ಅಪವರ್ತನ ಇಲ್ಲ ಎಂದಷ್ಟೇ ಅರ್ಥ. ನಾಲ್ಕನೇ ಘಾತದ ಬಹುಪದೋಕ್ತಿ ಎರಡು ವರ್ಗ ಬಹುಪದೋಕ್ತಿಗಳಾಗಿ ಒಡೆಯಬಹುದು. ಇಲ್ಲಿ (x² + 1)² − x² ಎಂದು ಬರೆದರೆ ಅದು ಒಡೆಯುತ್ತದೆ.

ಆದರೆ ಇಂಥ ಉಪಾಯ ಹೊಳೆಯದಿದ್ದಾಗ ಏನು ಮಾಡುವುದು? ಇದಕ್ಕಾಗಿ ನಾನು ಕಪ್ಪುಹಲಗೆಯ ಮೇಲೆ ಏಕಮಾನ ವೃತ್ತ ಬರೆಸಿದೆ. x⁶ = 1ರ ಆರು ಮೂಲಗಳು 0°, 60°, 120°, 180°, 240°, 300° ಕೋನಗಳಲ್ಲಿವೆ. ಪ್ರತಿ ಮೂಲದ ಪಕ್ಕದಲ್ಲಿ, ಅದರ ಎಷ್ಟನೇ ಘಾತ ಮೊದಲ ಬಾರಿ 1 ಆಗುತ್ತದೆ ಎಂದು ಬರೆಯಬೇಕು. ಅದನ್ನು ಆ ಮೂಲದ ಕ್ರಮ ಎನ್ನೋಣ. 0°ಗೆ 1, 180°ಗೆ 2, 120° ಮತ್ತು 240°ಗೆ 3, 60° ಮತ್ತು 300°ಗೆ 6. ಒಂದೇ ಕ್ರಮದವನ್ನು ಒಟ್ಟುಗೂಡಿಸಿದರೆ ಒಂದು ಅಪವರ್ತನ. 60° ಮತ್ತು 300°ಯ ಮೂಲಗಳ ಮೊತ್ತ 1, ಗುಣಲಬ್ಧ 1. ಆದ್ದರಿಂದ x² − x + 1. ಹಾಗಲ್ಲದೆ 60°ಯನ್ನು 120°ಯೊಂದಿಗೆ ಸೇರಿಸಿದರೆ ಮೊತ್ತ i√3 ಆಗಿ ಸಹಗುಣಕ ಪೂರ್ಣಾಂಕವಾಗಿ ಉಳಿಯುವುದಿಲ್ಲ.

ಈಗ x⁴ + x² + 1 ಏಕೆ ಒಡೆಯಿತು ಎಂಬುದು ಕಾಣುತ್ತದೆ: ಅದರಲ್ಲಿ ಕ್ರಮ 3ರ ಎರಡು ಮತ್ತು ಕ್ರಮ 6ರ ಎರಡು ಮೂಲಗಳು ಬೆರೆತಿದ್ದವು. ಕ್ರಮಗಳು nನ ಭಾಜಕಗಳೇ ಆಗಿರುವುದರಿಂದ, nಗೆ ಎಷ್ಟು ಭಾಜಕಗಳಿವೆಯೋ ಅಷ್ಟೇ ಅಪವರ್ತನಗಳು. ಇವು ಪೂರ್ಣಾಂಕಗಳಲ್ಲಿ ಮತ್ತೆ ಒಡೆಯುವುದಿಲ್ಲ. ಈ ಕೊನೆಯ ಮಾತಿನ ಸಾಧನೆ ಪಿಯುಸಿ ಮಟ್ಟದ್ದಲ್ಲ. N ಅವಿಭಾಜ್ಯವಾದಾಗಿನ ಸಾಧನೆಯನ್ನು ಗೌಸ್ 1801ರ ತನ್ನ ಗ್ರಂಥದಲ್ಲಿ ಕೊಟ್ಟಿದ್ದಾನೆ. ತರಗತಿಯಲ್ಲಿ ಎಣಿಕೆಯನ್ನು ಮಾತ್ರ ಬಳಸಿದರೆ ಸಾಕು.

"ಸಂಯುಗ್ಮಿ ಜೋಡಿ ಸೇರಿಸಿದರೆ ಸಾಲದೇ?" ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. x¹² − 1ರಲ್ಲಿ ಕ್ರಮ 12ರ ಮೂಲಗಳು 30°, 150°, 210°, 330°. 30° ಮತ್ತು 330° ಜೋಡಿಯಿಂದ ಬರುವುದು x² − √3x + 1. ಅದು ವಾಸ್ತವ ಸಂಖ್ಯೆಗಳಲ್ಲಿ ಸರಿ, ಪೂರ್ಣಾಂಕಗಳಲ್ಲಿ ಅಲ್ಲ. ಇನ್ನೊಂದು ಜೋಡಿಯ x² + √3x + 1ರಿಂದ ಗುಣಿಸಿದಾಗ (x² + 1)² − 3x², ಅಂದರೆ x⁴ − x² + 1 ಸಿಗುತ್ತದೆ. ನಾಲ್ಕೂ ಒಟ್ಟಿಗೇ ಇರಬೇಕು.

ಸಹಗುಣಕಗಳು 0, 1, −1 ಮಾತ್ರವೇ ಎಂದು ಮಕ್ಕಳು ಊಹಿಸುತ್ತಾರೆ. ಅದನ್ನು ನಿಯಮವೆಂದು ಬರೆಸಬೇಡಿ: n = 105 ಆದಾಗ, ಕ್ರಮ 105ರ ಅಪವರ್ತನದಲ್ಲಿ ಮೊದಲ ಬಾರಿಗೆ −2 ಕಾಣಿಸಿಕೊಳ್ಳುತ್ತದೆ.